ಮೂಲವೋ ರೀಮೇಕೋ: ಮೊದಲು ಯಾವುದನ್ನು ನೋಡಬೇಕು?

ಒಂದೇ ಕಥೆ ಎರಡು ಮೂರು ಭಾಷೆಗಳಲ್ಲಿ ಸಿನಿಮಾ ಆಗಿದ್ದರೆ ಎಲ್ಲವನ್ನೂ ನೋಡಬಹುದು. ಆದರೆ ಕಥೆ ಗೊತ್ತಿಲ್ಲದೆ ನೋಡುವ ಅವಕಾಶ ಅವುಗಳಲ್ಲಿ ಒಂದಕ್ಕೆ ಮಾತ್ರ ಸಿಗುತ್ತದೆ. ಉಳಿದವನ್ನು ನೋಡುವಾಗ ನಾವು ಹೋಲಿಸುತ್ತಿರುತ್ತೇವೆ. ಇಲ್ಲಿ ಇವನು ಹೀಗೆ ಮಾಡಿದ್ದ, ಅಲ್ಲಿ ಈ ಹಾಡು ಇರಲಿಲ್ಲ ಎಂದು ಮನಸ್ಸು ಲೆಕ್ಕ ಹಾಕುತ್ತಿರುತ್ತದೆ. ಆದ್ದರಿಂದ ಆ ಮೊದಲ ನೋಟವನ್ನು ಯಾವ ಚಿತ್ರಕ್ಕೆ ಕೊಡಬೇಕು ಎಂಬುದು ನಿಜವಾಗಿಯೂ ಯೋಚಿಸಬೇಕಾದ ವಿಷಯ. ಗುಟ್ಟಿನ ಮೇಲೆ ನಿಂತ ಕಥೆಗಳಲ್ಲಂತೂ ತಪ್ಪು ಆಯ್ಕೆ ಮಾಡಿದರೆ ಅದನ್ನು ಸರಿಪಡಿಸಲು ದಾರಿಯೇ ಇಲ್ಲ.

‘ಯಾವಾಗಲೂ ಮೂಲವನ್ನೇ ಮೊದಲು ನೋಡಿ’ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. ಕಾರಣವನ್ನು ಹೇಳಲು ಒಬ್ಬನೇ ನಿರ್ದೇಶಕರ ಎರಡು ಕನ್ನಡ ರೀಮೇಕ್‌ಗಳು ಸಾಕು. ಪಿ. ವಾಸು ಅವರು 2004ರಲ್ಲಿ ‘ಆಪ್ತಮಿತ್ರ’ ಮಾಡಿದರು, 2014ರಲ್ಲಿ ‘ದೃಶ್ಯ’ ಮಾಡಿದರು. ಎರಡಕ್ಕೂ ಮೂಲ ಮಲಯಾಳಂ. ಮೊದಲನೆಯದು ಫಾಸಿಲ್ ನಿರ್ದೇಶನದ ‘ಮಣಿಚಿತ್ರತ್ತಾಳ್’ (1993), ಎರಡನೆಯದು ಜೀತು ಜೋಸೆಫ್ ಅವರ ‘ದೃಶ್ಯಂ’ (2013). ಭಾಷೆಯ ಜೋಡಿ ಒಂದೇ, ರೀಮೇಕ್ ಮಾಡಿದವರೂ ಒಬ್ಬರೇ. ಹಾಗಿದ್ದೂ ಯಾವುದನ್ನು ಮೊದಲು ನೋಡಬೇಕು ಎಂಬ ಪ್ರಶ್ನೆಗೆ ಈ ಎರಡು ಜೋಡಿಗಳು ಬೇರೆ ಬೇರೆ ಉತ್ತರ ಕೊಡುತ್ತವೆ.

ಈ ಚಿತ್ರಗಳ ಗುಟ್ಟುಗಳನ್ನು ನಾನು ಇಲ್ಲಿ ಬಿಟ್ಟುಕೊಡುವುದಿಲ್ಲ. ಇನ್ನೂ ನೋಡಿಲ್ಲದವರು ಧೈರ್ಯವಾಗಿ ಓದಬಹುದು.

ರೀಮೇಕ್ ಕಥೆಯ ಕೇಂದ್ರವನ್ನು ಸರಿಸಿದಾಗ

‘ಮಣಿಚಿತ್ರತ್ತಾಳ್’ ಒಂದು ಹಳೆಯ ದೊಡ್ಡ ಮನೆಯ ಕಥೆ. ದಂಪತಿ ಅಲ್ಲಿಗೆ ವಾಸಕ್ಕೆ ಬರುತ್ತಾರೆ. ಮುಚ್ಚಿಟ್ಟಿದ್ದ ಕೋಣೆಯೊಂದು ತೆರೆದುಕೊಳ್ಳುತ್ತದೆ. ಬಹಳ ಹಿಂದೆ ಅದೇ ಮನೆಯಲ್ಲಿ ಸತ್ತ ನರ್ತಕಿ ನಾಗವಲ್ಲಿಯ ಕಥೆ ಮತ್ತೆ ಜೀವ ಪಡೆಯುತ್ತದೆ. ಮನೆಯಲ್ಲಿ ನಡೆಯುತ್ತಿರುವ ಅನಾಹುತಗಳಿಗೆ ಕಾರಣ ಯಾರು ಎಂಬುದೇ ಪ್ರಶ್ನೆ. ಮೋಹನ್‌ಲಾಲ್ ಅಭಿನಯಿಸಿದ ಮನೋವೈದ್ಯ ಸನ್ನಿ ತೆರೆಗೆ ಬರುವುದು ಕಥೆ ಬಹಳಷ್ಟು ಮುಂದೆ ಸಾಗಿದ ಮೇಲೆ. ಅಲ್ಲಿಯವರೆಗೆ ನಾವು ಆ ಮನೆಯವರೊಂದಿಗೇ ಇರುತ್ತೇವೆ. ಅವರ ಭಯ, ತಮಾಷೆ, ಸಣ್ಣ ಜಗಳ, ಒಬ್ಬರ ಮೇಲೊಬ್ಬರ ಅನುಮಾನ ಎಲ್ಲವೂ ನಮಗೆ ಪರಿಚಯವಾಗಿರುತ್ತದೆ. ಯಾರನ್ನು ನಂಬಬೇಕು ಎಂದು ಹೇಳಿಕೊಡಲು ನಾಯಕನಿಲ್ಲದ ಕಾರಣ ಪ್ರೇಕ್ಷಕನ ಅನುಮಾನ ಮುಕ್ತವಾಗಿ ಓಡಾಡುತ್ತದೆ. ಗುಟ್ಟು ಭದ್ರವಾಗಿ ಉಳಿಯುವುದು ಹೀಗೆ. ಆ ಮನೆಯವರಲ್ಲಿ ಶ್ರೀದೇವಿಯ ಪಾತ್ರದಲ್ಲಿ ನಮ್ಮ ವಿನಯಾ ಪ್ರಸಾದ್ ಇದ್ದಾರೆ. ನರ್ತಕ ನಟ ಶ್ರೀಧರ್ ಕೂಡ ಈ ಚಿತ್ರದಲ್ಲಿದ್ದಾರೆ. ಕನ್ನಡ ಪ್ರೇಕ್ಷಕರಿಗೆ ಇವರಿಬ್ಬರನ್ನೂ ನೋಡುವುದು ಬೇರೆಯೇ ಸಂತೋಷ.

‘ಆಪ್ತಮಿತ್ರ’ದಲ್ಲಿ ಇದೇ ಕಥೆ ವಿಷ್ಣುವರ್ಧನ್ ಅವರ ಸುತ್ತ ಕಟ್ಟಿಕೊಂಡಿತು. ವೈದ್ಯನ ಪಾತ್ರದ ಜೊತೆಗೆ ಹಳೆಯ ಕಾಲದ ರಾಜ ವಿಜಯ ರಾಜೇಂದ್ರ ಬಹದ್ದೂರ್ ಕೂಡ ಅವರೇ. ‘ಹೌಲ ಹೌಲ’ ಎಂಬ ಆ ರಾಜನ ಗತ್ತು ಇಂದಿಗೂ ಜನರ ಬಾಯಲ್ಲಿದೆ. ಮೂಲದಲ್ಲಿ ಇಲ್ಲದ ದೊಡ್ಡ ಹಾವೊಂದು ಇಲ್ಲಿ ಬಂತು. ಹಾವು ಬಂದದ್ದು ಬರೀ ಅಲಂಕಾರಕ್ಕೆ ಎಂದುಕೊಳ್ಳಬೇಡಿ. ಮೂಲ ಚಿತ್ರ ತನ್ನ ಒಗಟನ್ನು ಮನಸ್ಸಿನ ಕಾಯಿಲೆಯ ನೆಲೆಯಲ್ಲಿ ಬಿಡಿಸುತ್ತದೆ. ಮಾಂತ್ರಿಕನೂ ಅಲ್ಲಿ ವೈದ್ಯನ ಜೊತೆ ಕೈಜೋಡಿಸುತ್ತಾನೆ. ಹಾವು ಸುಳಿದಾಡುವ ಮನೆಯಲ್ಲಿ ಮಾತ್ರ ಪ್ರೇಕ್ಷಕ ‘ಇಲ್ಲಿ ನಿಜವಾಗಿಯೂ ಏನೋ ಇದೆ’ ಎಂಬ ನಂಬಿಕೆಯನ್ನು ಕೊನೆಯವರೆಗೂ ಬಿಡಬೇಕಾಗಿಲ್ಲ. ಮರುವರ್ಷ ವಾಸು ಅವರೇ ಇದನ್ನು ತಮಿಳಿನಲ್ಲಿ ‘ಚಂದ್ರಮುಖಿ’ಯಾಗಿ ಮಾಡಿದಾಗ ಕೇಂದ್ರ ಇನ್ನೂ ಸರಿಯಿತು. ರಜನಿಕಾಂತ್ ಆರಂಭದಲ್ಲಿಯೇ ಹೊಡೆದಾಟ ಮತ್ತು ಹಾಡಿನೊಂದಿಗೆ ಬಂದುಬಿಡುತ್ತಾರೆ. ಅವರು ಇರುವಾಗ ಯಾವುದೂ ಕೈಮೀರುವುದಿಲ್ಲ ಎಂಬ ಭರವಸೆ ಮೊದಲ ಹತ್ತು ನಿಮಿಷಗಳಲ್ಲೇ ಸಿಕ್ಕಿಬಿಡುತ್ತದೆ.

ಇಷ್ಟರ ಆಧಾರದ ಮೇಲೆ ಮೂಲವನ್ನೇ ಮೊದಲು ನೋಡಿ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಈ ಕಥೆಯಲ್ಲಿ ಇನ್ನೊಂದು ಸಂಗತಿ ಇದೆ, ಅದು ತೀರ್ಮಾನವನ್ನು ತಿರುಗಿಸಬಲ್ಲದು.

ನಾಗವಲ್ಲಿ ಆ ಮನೆಯ ಭಾಷೆಯವಳಲ್ಲ. ಮಲಯಾಳಿ ಮನೆಗೆ ಬಂದ ಅವಳು ತಂಜಾವೂರಿನ ತಮಿಳು ನರ್ತಕಿ. ಇದ್ದಕ್ಕಿದ್ದಂತೆ ಮಲಯಾಳಂ ನಡುವೆ ತಮಿಳು ಕೇಳಿಸಿದಾಗ, ತನ್ನದಲ್ಲದ ಭಾಷೆಯೊಂದು ಒಬ್ಬ ಪರಿಚಿತ ವ್ಯಕ್ತಿಯ ಬಾಯಿಂದ ಹೊರಟಾಗ, ಮೈ ಜುಮ್ಮೆನ್ನುತ್ತದೆ. ಇಡೀ ಚಿತ್ರದ ಭಯ ಆ ಭಾಷಾಪಲ್ಲಟದಲ್ಲಿದೆ. ರೀಮೇಕ್ ಮಾಡಿದವರು ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡಿದ್ದರು. ಕನ್ನಡ ಮನೆಯೊಳಗೆ ನಾಗವಲ್ಲಿ ತೆಲುಗು ಮಾತನಾಡುತ್ತಾಳೆ, ‘ರಾ ರಾ’ ಎಂದು ತೆಲುಗಿನಲ್ಲಿ ಹಾಡುತ್ತಾಳೆ. ತಮಿಳಿನಲ್ಲಿಯೂ ಚಂದ್ರಮುಖಿ ತೆಲುಗಿನವಳೇ. ಹಿಂದಿಯ ‘ಭೂಲ್ ಭುಲೈಯಾ’ದಲ್ಲಿ (2007) ಅವಳು ಮಂಜುಲಿಕಾ ಎಂಬ ಬಂಗಾಳಿ. ಆ ಹಿಂದಿ ಚಿತ್ರದ ನಿರ್ದೇಶಕ ಪ್ರಿಯದರ್ಶನ್ ಮೂಲ ಚಿತ್ರದ ಎರಡನೇ ಘಟಕದ ನಿರ್ದೇಶಕರಲ್ಲಿ ಒಬ್ಬರಾಗಿದ್ದರು. ಹಾಗಾಗಿ ಯಂತ್ರದ ಯಾವ ತಿರುಪು ಎಲ್ಲಿದೆ ಎಂಬುದು ಅವರಿಗೆ ಒಳಗಿನಿಂದಲೇ ಗೊತ್ತಿತ್ತು.

ಈಗ ಸಬ್‌ಟೈಟಲ್ ಹಾಕಿಕೊಂಡು ಮೂಲವನ್ನು ನೋಡುವವರ ಸ್ಥಿತಿಯನ್ನು ಯೋಚಿಸಿ. ಪಾತ್ರ ಮಲಯಾಳಂ ಬಿಟ್ಟು ತಮಿಳಿಗೆ ಹೊರಳಿದರೂ ಕೆಳಗಿನ ಅಕ್ಷರಗಳು ಅದೇ ಇಂಗ್ಲಿಷಿನಲ್ಲಿ, ಅದೇ ಬಿಳಿ ಬಣ್ಣದಲ್ಲಿ ಬರುತ್ತಿರುತ್ತವೆ. ಓದುವ ಕಣ್ಣಿಗೆ ಏನೂ ಬದಲಾದಂತೆ ಕಾಣುವುದಿಲ್ಲ. ಬದಲಾವಣೆ ಕಿವಿಗೆ ಮಾತ್ರ ತಿಳಿಯಬೇಕು, ಅದೂ ಮಲಯಾಳಂ ಮತ್ತು ತಮಿಳಿನ ವ್ಯತ್ಯಾಸ ಥಟ್ಟನೆ ಹೊಳೆಯುವ ಕಿವಿಗೆ. ಅಂಥ ಕಿವಿ ನಿಮಗಿದ್ದರೆ ಹಿಂಜರಿಯದೆ ‘ಮಣಿಚಿತ್ರತ್ತಾಳ್’ ಅನ್ನೇ ಮೊದಲು ನೋಡಿ. ಮಾತು ಪೂರ್ತಿ ಅರ್ಥವಾಗಬೇಕೆಂದೇನಿಲ್ಲ, ಇದು ತಮಿಳು ಎಂದು ಗೊತ್ತಾದರೆ ಸಾಕು. ಎರಡೂ ಒಂದೇ ರೀತಿ ಕೇಳಿಸುತ್ತವೆ ಎನ್ನುವವರು ‘ಆಪ್ತಮಿತ್ರ’ವನ್ನು ಮೊದಲು ನೋಡುವುದೇ ಸರಿ. ಕನ್ನಡದ ನಡುವೆ ತೆಲುಗು ಸಿಡಿದಾಗ ಆಗುವ ಆಘಾತ ನಿಮಗೆ ಯಾವ ಅಕ್ಷರದ ನೆರವೂ ಇಲ್ಲದೆ ನೇರವಾಗಿ ತಟ್ಟುತ್ತದೆ. ನಾಯಕನ ಗತ್ತಿಗಾಗಿ ಸ್ವಲ್ಪ ರಹಸ್ಯ ಸಡಿಲವಾಗಿರಬಹುದು, ಆದರೆ ಕಥೆಯ ಹೃದಯ ನಿಮ್ಮ ಕೈಗೆ ಸಿಗುತ್ತದೆ.

ಮೊದಲಾರ್ಧದ ಹಾಸ್ಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮೂಲದಲ್ಲಿ ಇನ್ನೊಸೆಂಟ್, ನೆಡುಮುಡಿ ವೇಣು ಅವರಂಥ ನಟರ ತಮಾಷೆ ಬಹುಪಾಲು ಮಾತಿನ ಧಾಟಿಯಲ್ಲಿದೆ. ಸಬ್‌ಟೈಟಲ್ ಓದಿ ನಗುವಷ್ಟರಲ್ಲಿ ನಟ ಮುಂದಿನ ಮಾತಿಗೆ ಹೋಗಿರುತ್ತಾನೆ.

ಯಾವ ರೂಪವನ್ನು ಆರಿಸಿಕೊಂಡರೂ ಒಂದು ಎಚ್ಚರಿಕೆ ಬೇಕು. ನೋಡುವ ಮೊದಲು ಈ ಚಿತ್ರಗಳ ಹಾಡುಗಳನ್ನು ಹುಡುಕಬೇಡಿ. ‘ರಾ ರಾ’ ಹಾಡಿನ ದೃಶ್ಯದಲ್ಲಿ ಗುಟ್ಟು ಪೂರ್ತಿ ಬಯಲಾಗಿದೆ. ಅದು ಎಷ್ಟು ಜನಪ್ರಿಯ ಎಂದರೆ ಚಿತ್ರವನ್ನೇ ನೋಡದವರಿಗೂ ಅದು ಗೊತ್ತು. ಮೂಲದ ‘ಒರು ಮುರೈ ವಂದು ಪಾರ್ತಾಯಾ’ ಮತ್ತು ಹಿಂದಿಯ ‘ಆಮಿ ಜೆ ತೊಮಾರ್’ ಹಾಡುಗಳದ್ದೂ ಇದೇ ಕಥೆ. ಈ ಹಾಡುಗಳಲ್ಲಿ ಒಂದನ್ನು ನೀವು ಈಗಾಗಲೇ ನೋಡಿದ್ದರೆ ಗುಟ್ಟಿನ ಲೆಕ್ಕ ಅಲ್ಲಿಗೆ ಮುಗಿಯಿತು. ಆಗ ಮೂಲವನ್ನೇ ಮೊದಲು ನೋಡಿ. ಗುಟ್ಟು ಗೊತ್ತಿದ್ದೂ ಕುಸಿಯದ ಚಿತ್ರ ಅದು. ಆ ವ್ಯಕ್ತಿ ಮೊದಲಾರ್ಧದಲ್ಲಿ ಎಲ್ಲಿ ನಿಂತಿದ್ದಾರೆ, ಯಾವ ಮಾತಿಗೆ ಕಣ್ಣು ಅರಳುತ್ತದೆ, ಯಾರು ಮಾತನಾಡುವಾಗ ಮುಖ ಬಿಗಿಯುತ್ತದೆ ಎಂಬುದನ್ನೇ ಗಮನಿಸುತ್ತಾ ಹೋದರೆ ಎರಡನೇ ಚಿತ್ರವೊಂದು ತೆರೆದುಕೊಳ್ಳುತ್ತದೆ.

ರೀಮೇಕ್ ಕಥೆಯನ್ನು ಹಾಗೆಯೇ ಉಳಿಸಿಕೊಂಡಾಗ

‘ದೃಶ್ಯಂ’ ಬೇರೆಯೇ ಜಾತಿಯ ಕಥೆ. ಕೇಬಲ್ ಟಿವಿ ನಡೆಸುವ, ಹೆಚ್ಚು ಓದಿರದ, ಸಿನಿಮಾ ಹುಚ್ಚಿನ ಮನೆಯೊಡೆಯ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಒಂದು ರಾತ್ರಿ ಆಗಬಾರದ್ದು ಆಗಿಹೋಗುತ್ತದೆ, ಪೊಲೀಸರು ಬೆನ್ನು ಹತ್ತುತ್ತಾರೆ. ನಡೆದದ್ದೇನು ಎಂಬುದು ಪ್ರೇಕ್ಷಕನಿಗೆ ಗೊತ್ತು, ಪೊಲೀಸರಿಗೆ ಗೊತ್ತಿಲ್ಲ. ನಮಗೂ ಗೊತ್ತಿಲ್ಲದ ಒಂದೇ ಒಂದು ಸಂಗತಿಯನ್ನು ಚಿತ್ರ ಕೊನೆಯ ಕ್ಷಣಗಳವರೆಗೆ ಬಚ್ಚಿಡುತ್ತದೆ.

ಈ ಚಿತ್ರಕಥೆಯನ್ನು ರೀಮೇಕ್‌ಗಳು ಹೆಚ್ಚು ಅಲುಗಾಡಿಸಲಿಲ್ಲ. ಅಲುಗಾಡಿಸಿದರೆ ಬಿದ್ದುಹೋಗುತ್ತದೆ. ಮೊದಲ ಒಂದು ಗಂಟೆಯಲ್ಲಿ ಸುಮ್ಮನೆ ಬಂದುಹೋಗುವಂತೆ ಕಾಣುವ ಹೋಟೆಲು, ಬಸ್ಸು, ಸಿನಿಮಾ ಮಂದಿರ, ಪೊಲೀಸ್ ಠಾಣೆಯ ಪಕ್ಕದ ಹರಟೆ, ಎಲ್ಲವೂ ಎರಡನೇ ಭಾಗದಲ್ಲಿ ಒಂದೊಂದಾಗಿ ಕೆಲಸಕ್ಕೆ ಬರುತ್ತವೆ. ಅದನ್ನು ಕತ್ತರಿಸಿ ಹೊಡೆದಾಟ ತುಂಬಿದ್ದರೆ ನಾಯಕನ ಉಪಾಯವೇ ನಿಲ್ಲುತ್ತಿರಲಿಲ್ಲ. ಆದ್ದರಿಂದ ವಿ. ರವಿಚಂದ್ರನ್ ಅವರಂಥ ತಾರೆ ಇದ್ದರೂ ಕನ್ನಡದ ‘ದೃಶ್ಯ’ದಲ್ಲಿ ವಾಸು ಅವರು ರಾಜೇಂದ್ರ ಪೊನ್ನಪ್ಪನನ್ನು ಸಾಧಾರಣ ಗೃಹಸ್ಥನಾಗಿಯೇ ಬಿಟ್ಟರು. ಹತ್ತು ವರ್ಷಗಳ ಹಿಂದೆ ಇನ್ನೊಂದು ಮಲಯಾಳಂ ಕಥೆಯ ಕೇಂದ್ರವನ್ನೇ ಸರಿಸಿದ್ದ ಅದೇ ನಿರ್ದೇಶಕರ ಈ ಸಂಯಮ ನನಗೆ ಬಹಳ ಮೆಚ್ಚುಗೆಯಾದದ್ದು. ಪೊಲೀಸ್ ಅಧಿಕಾರಿಯ ಪಾತ್ರಕ್ಕೂ ಮೂಲದ ಆಶಾ ಶರತ್ ಅವರನ್ನೇ ಕರೆತಂದರು. ತಮಿಳಿನ ‘ಪಾಪನಾಶಂ’ನಲ್ಲಿಯೂ (2015) ಆ ಪಾತ್ರ ಅವರದ್ದೇ. ಹಿಂದಿಯಲ್ಲಿ ಅದನ್ನು ತಬು ಮಾಡಿದರು.

ಹೀಗಾಗಿ ಗುಟ್ಟು ಈ ಎಲ್ಲ ಭಾಷೆಗಳಲ್ಲೂ ಸರಿಸುಮಾರು ಒಂದೇ ಮಟ್ಟದಲ್ಲಿ ಭದ್ರವಾಗಿದೆ. ಮೂಲಕ್ಕೆ ಈ ವಿಷಯದಲ್ಲಿ ಹೆಚ್ಚುಗಾರಿಕೆ ಇಲ್ಲ. ಹಾಗಾದರೆ ಯಾವುದು ಮೊದಲು? ಸಬ್‌ಟೈಟಲ್ ಇಲ್ಲದೆ ನಿಮಗೆ ಅರ್ಥವಾಗುವ ಭಾಷೆಯದ್ದು. ಈ ಚಿತ್ರದ ಉತ್ತರಾರ್ಧ ಬಹುತೇಕ ವಿಚಾರಣೆಯೇ. ಮನೆಯ ನಾಲ್ವರೂ ಒಂದೇ ಹೇಳಿಕೆಯನ್ನು ಬೇರೆ ಬೇರೆ ಬಾಯಲ್ಲಿ ಹೇಳುತ್ತಾರೆ. ಪುಟ್ಟ ಮಗುವಿನ ಒಂದು ಪದ ತಡವರಿಸಿದರೂ ಎಲ್ಲವೂ ಕುಸಿಯಬಹುದು. ಆ ತಡವರಿಕೆ ಧ್ವನಿಯಲ್ಲಿದೆ, ಮುಖದಲ್ಲಿದೆ. ಸಬ್‌ಟೈಟಲ್ ಆ ಮಾತನ್ನು ಶುದ್ಧವಾಗಿ, ಎಡವದೆ ಅಚ್ಚುಹಾಕಿ ತೋರಿಸುತ್ತದೆ. ಕಣ್ಣು ಪರದೆಯ ಕೆಳಗಿದ್ದಾಗ ತಾಯಿಯ ಮುಖದ ಮೇಲೆ ಹಾದುಹೋದ ಭಯ ತಪ್ಪಿಹೋಗುತ್ತದೆ. ಕನ್ನಡ ಮಾತ್ರ ಸಲೀಸಾಗಿ ಅರ್ಥವಾಗುವವರಿಗೆ ‘ದೃಶ್ಯ’ವೇ ಮೊದಲು. ಆಮೇಲೆ ಮೋಹನ್‌ಲಾಲ್ ಅವರ ಜಾರ್ಜ್‌ಕುಟ್ಟಿಯನ್ನು ನೋಡಿ. ಕಥೆ ಗೊತ್ತಿರುವುದರಿಂದ ಅಕ್ಷರಗಳನ್ನು ಓದುವ ಹಂಗಿಲ್ಲ. ಅವನ ಮುಖವನ್ನಷ್ಟೇ ನೋಡುತ್ತಾ ಕುಳಿತುಕೊಳ್ಳಬಹುದು, ಆ ಮುಖ ಏನನ್ನೂ ಹೇಳದೆ ಎಷ್ಟು ಹಿಡಿದಿಟ್ಟುಕೊಂಡಿದೆ ಎಂಬುದನ್ನು ಗಮನಿಸಬಹುದು.

‘ಪಾಪನಾಶಂ’ ಅನ್ನು ಅದರ ನಂತರಕ್ಕೆ ಇಟ್ಟುಕೊಳ್ಳಿ. ಮೂಲದ ನಿರ್ದೇಶಕ ಜೀತು ಜೋಸೆಫ್ ಅವರೇ ಕಮಲ್ ಹಾಸನ್ ಅವರೊಂದಿಗೆ ಮಾಡಿದ ಚಿತ್ರವಿದು. ಘಟನೆಗಳು ಅವೇ, ಆದರೆ ಮೋಹನ್‌ಲಾಲ್ ನುಂಗಿಕೊಂಡ ನೋವನ್ನು ಕಮಲ್ ಕೊನೆಯಲ್ಲಿ ಹೊರಗೆ ಹರಿಯಲು ಬಿಡುತ್ತಾರೆ. ಒಬ್ಬನೇ ನಿರ್ದೇಶಕ ಒಂದೇ ದೃಶ್ಯವನ್ನು ಇಬ್ಬರು ನಟರಿಗೆ ಹೇಗೆ ಹೊಂದಿಸಿದರು ಎಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಇವೆರಡನ್ನು ಹತ್ತಿರ ಹತ್ತಿರದಲ್ಲಿ ನೋಡಿದರೇ ಲಾಭ. ಚೀನಾದಲ್ಲಿ 2019ರಲ್ಲಿ ಬಂದ ರೂಪವನ್ನು ಮಾತ್ರ ಯಾವ ಕಾರಣಕ್ಕೂ ಮೊದಲು ನೋಡಬೇಡಿ. ಅಲ್ಲಿ ಕೊನೆಯನ್ನು ಬದಲಿಸಲಾಗಿದೆ. ಮೂಲದ ಕೊನೆ ಕೊಡುವ ತಳಮಳ ಗೊತ್ತಿಲ್ಲದಿದ್ದರೆ ಆ ಬದಲಾವಣೆಯ ಅರ್ಥವೂ ಆಗುವುದಿಲ್ಲ.

ನೋಡುವ ಮೊದಲೇ ಅಂದಾಜು ಮಾಡುವುದು ಹೇಗೆ?

ನೋಡಿಲ್ಲದ ಎರಡು ಚಿತ್ರಗಳ ಬಗ್ಗೆ ರೀಮೇಕ್ ಕೇಂದ್ರವನ್ನು ಸರಿಸಿದೆಯೋ ಇಲ್ಲವೋ ಎಂದು ತಿಳಿಯುವುದು ಕಷ್ಟವೇನಲ್ಲ. ಕಥಾಸಾರ ಓದಬೇಡಿ, ಅಲ್ಲಿ ಎಲ್ಲವೂ ಬಯಲಾಗಿರುತ್ತದೆ. ಅವಧಿಯನ್ನು ನೋಡಿ. ಹಾಂಗ್‌ಕಾಂಗ್‌ನ ‘ಇನ್‌ಫರ್ನಲ್ ಅಫೇರ್ಸ್’ (2002) ಸುಮಾರು 100 ನಿಮಿಷಗಳ ಚಿತ್ರ. ಅದರ ಅಮೆರಿಕನ್ ರೂಪ ‘ದಿ ಡಿಪಾರ್ಟೆಡ್’ (2006) ಸುಮಾರು 150 ನಿಮಿಷ. ಐವತ್ತು ನಿಮಿಷ ಹೆಚ್ಚಾಗಿದೆ ಎಂದರೆ ಯಾವುದೋ ಪಾತ್ರ ದೊಡ್ಡದಾಗಿದೆ, ಹೊಸ ಹಿನ್ನೆಲೆ ಸೇರಿದೆ ಎಂದು ನಿಶ್ಚಿಂತೆಯಿಂದ ಹೇಳಬಹುದು. ಇಂಥಲ್ಲಿ ಚಿಕ್ಕದನ್ನು ಮೊದಲು ನೋಡುವುದು ಒಳ್ಳೆಯದು. ದೊಡ್ಡದನ್ನು ನೋಡಿದ ಮೇಲೆ ಚಿಕ್ಕದು ಅವಸರದಲ್ಲಿ ಓಡಿದಂತೆ ಕಾಣುತ್ತದೆ, ಅದು ಆ ಚಿತ್ರದ ತಪ್ಪಲ್ಲದಿದ್ದರೂ. ಅವಧಿ ಹೆಚ್ಚುಕಡಿಮೆ ಒಂದೇ ಆಗಿದ್ದು, ಮೂಲದ ನಟರಲ್ಲಿ ಯಾರಾದರೂ ರೀಮೇಕ್‌ನಲ್ಲಿಯೂ ಇದ್ದರೆ ಕಥೆ ಬಹುಪಾಲು ಹಾಗೆಯೇ ಉಳಿದಿರುತ್ತದೆ. ‘ದೃಶ್ಯಂ’ನ ಆಶಾ ಶರತ್ ಅಂಥ ಸುಳಿವು.

ಪೋಸ್ಟರಿನಲ್ಲಿ ಯಾರ ಮುಖ ದೊಡ್ಡದಾಗಿದೆ ಎಂಬುದನ್ನೂ ನೋಡಬಹುದು. ಮೂಲದಲ್ಲಿ ಗುಂಪು, ರೀಮೇಕ್‌ನಲ್ಲಿ ಒಬ್ಬನೇ ನಾಯಕ ಎಂದಾದರೆ ಕೇಂದ್ರ ಸರಿದಿದೆ.

ಓಟಿಟಿ ವೇದಿಕೆಗಳಲ್ಲಿ ಇನ್ನೊಂದು ಗೊಂದಲ ಆಗುತ್ತದೆ. ಮಲಯಾಳಂ ಮೂಲಕ್ಕೂ ಹಿಂದಿ ರೀಮೇಕ್‌ಗೂ ‘ದೃಶ್ಯಂ’ ಎಂದೇ ಹೆಸರು. ಡಬ್ ಆದ ಧ್ವನಿ ಹಾಕಿಕೊಂಡು ನೋಡಿದರೆ ಅದು ರೀಮೇಕ್ ಆಗುವುದಿಲ್ಲ. ಚಿತ್ರ ಮೂಲದ್ದೇ, ತುಟಿ ಒಂದು ಭಾಷೆ, ಮಾತು ಇನ್ನೊಂದು ಭಾಷೆ. ವಿಚಾರಣೆಯ ಕಥೆಗಳನ್ನು ಡಬ್ ಮಾಡಿದ ಧ್ವನಿಯಲ್ಲಿ ನೋಡುವುದನ್ನು ನಾನು ಒಪ್ಪುವುದಿಲ್ಲ. ಆ ನಟನ ಉಸಿರನ್ನೇ ತೆಗೆದುಹಾಕಿದ ಮೇಲೆ ಉಳಿಯುವುದು ಘಟನೆಗಳ ಸರಣಿ ಮಾತ್ರ. ಒತ್ತುವ ಮೊದಲು ವರ್ಷ ಮತ್ತು ನಿರ್ದೇಶಕರ ಹೆಸರನ್ನು ನೋಡಿಕೊಳ್ಳಿ. 2013 ಮತ್ತು ಜೀತು ಜೋಸೆಫ್ ಎಂದಿದ್ದರೆ ಮೂಲ, 2015 ಮತ್ತು ನಿಶಿಕಾಂತ್ ಕಾಮತ್ ಎಂದಿದ್ದರೆ ಹಿಂದಿ.

ಗುಟ್ಟೇ ಇಲ್ಲದ ಕಥೆಗಳಲ್ಲಿ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಡಾ. ರಾಜ್‌ಕುಮಾರ್ ಅವರ ‘ಅನುರಾಗ ಅರಳಿತು’ (1986) ತಮಿಳಿನಲ್ಲಿ ‘ಮನ್ನನ್’, ತೆಲುಗಿನಲ್ಲಿ ‘ಘರಾನಾ ಮೊಗುಡು’, ಹಿಂದಿಯಲ್ಲಿ ‘ಲಾಡ್ಲಾ’ ಆಯಿತು. ತಮಿಳು ರೂಪದ ನಿರ್ದೇಶಕರು ಮತ್ತೆ ಪಿ. ವಾಸು ಅವರೇ. ಕೊನೆ ಏನೆಂಬುದು ಮೊದಲ ಅರ್ಧ ಗಂಟೆಯಲ್ಲೇ ಊಹೆಗೆ ಸಿಗುತ್ತದೆ, ನಮ್ಮ ಸಂತೋಷ ಇರುವುದು ನಾಯಕನೂ ನಾಯಕಿಯೂ ಹೇಗೆ ಸೆಣಸುತ್ತಾರೆ ಎಂಬುದರಲ್ಲಿ. ಕೈಗೆ ಸಿಕ್ಕಿದ್ದನ್ನು ಮೊದಲು ನೋಡಿ.

ಮುಂದಿನ ಭಾಗಗಳಿದ್ದರೆ

ಆಯ್ಕೆ ಮಾಡುವಾಗ ಬಹಳ ಜನ ಮರೆಯುವುದು ಇದನ್ನು. ‘ದೃಶ್ಯಂ’ನ ಎರಡನೇ ಭಾಗ ಮಲಯಾಳಂನಲ್ಲಿ 2021ರಲ್ಲಿ ಬಂತು. ಅದೇ ವರ್ಷ ತೆಲುಗು ಮತ್ತು ಕನ್ನಡದಲ್ಲಿ, ಮರುವರ್ಷ ಹಿಂದಿಯಲ್ಲಿ ಬಂತು. ‘ಪಾಪನಾಶಂ’ ಕಥೆ ಮಾತ್ರ ತಮಿಳಿನಲ್ಲಿ ಮುಂದುವರಿಯಲಿಲ್ಲ. ಎರಡನೇ ಭಾಗದಲ್ಲಿ ಮೊದಲ ಭಾಗದ ಸಣ್ಣ ವಿವರಗಳಿಗೆ ಮತ್ತೆ ಬೆಲೆ ಬರುತ್ತದೆ. ಆದ್ದರಿಂದ ಯಾವ ಭಾಷೆಯಲ್ಲಿ ಆರಂಭಿಸುತ್ತೀರೋ ಅದೇ ಭಾಷೆಯಲ್ಲಿ ಎರಡನ್ನೂ ಮುಗಿಸಿ, ಬಳಿಕ ಇನ್ನೊಂದು ಭಾಷೆಗೆ ಹೋಗಿ. ಮಲಯಾಳಂನ ಮೊದಲ ಭಾಗ, ಹಿಂದಿಯ ಎರಡನೇ ಭಾಗ ಎಂದು ಬೆರೆಸಿದರೆ ಊರು, ಹೆಸರು, ಮುಖ ಎಲ್ಲವೂ ಬದಲಾಗಿ ಹಳೆಯ ವಿವರಗಳನ್ನು ನೆನಪಿಗೆ ತಂದುಕೊಳ್ಳುವುದೇ ಕೆಲಸವಾಗುತ್ತದೆ.

‘ಮಣಿಚಿತ್ರತ್ತಾಳ್’ ಕುಟುಂಬದಲ್ಲಿ ಸ್ಥಿತಿ ಇನ್ನೂ ಬೇರೆ. ಅಲ್ಲಿ ಒಂದೊಂದು ಭಾಷೆಯೂ ತನ್ನದೇ ದಾರಿ ಹಿಡಿಯಿತು. ಕನ್ನಡದಲ್ಲಿ ವಾಸು ಅವರೇ ‘ಆಪ್ತರಕ್ಷಕ’ (2010) ಮಾಡಿದರು. ಅದು ರೀಮೇಕ್ ಅಲ್ಲ, ಇಲ್ಲಿಯೇ ಹುಟ್ಟಿದ ಕಥೆ. ಅದೇ ‘ನಾಗವಲ್ಲಿ’ ಎಂಬ ಹೆಸರಿನಲ್ಲಿ ತೆಲುಗಿಗೆ ಹೋಯಿತು. ಮಲಯಾಳಂನಲ್ಲಿ ಡಾಕ್ಟರ್ ಸನ್ನಿ ‘ಗೀತಾಂಜಲಿ’ಯಲ್ಲಿ (2013) ಬೇರೆ ಕಥೆಯೊಂದಿಗೆ ಮರಳಿದರು. ತಮಿಳಿಗೆ ‘ಚಂದ್ರಮುಖಿ 2’ (2023) ಇದೆ. ಹಿಂದಿಯ ‘ಭೂಲ್ ಭುಲೈಯಾ 2’ಕ್ಕೂ (2022) ಮೂಲ ಮಲಯಾಳಂ ಕಥೆಗೂ ಹೆಚ್ಚಿನ ನಂಟಿಲ್ಲ. ವಿಷ್ಣುವರ್ಧನ್ ಅವರ ನಿಧನದ ನಂತರ ತೆರೆಗೆ ಬಂದ ‘ಆಪ್ತರಕ್ಷಕ’ವನ್ನು ನೋಡುವ ಮನಸ್ಸಿದ್ದರೆ ‘ಆಪ್ತಮಿತ್ರ’ವನ್ನು ಬಿಡುವಂತೆಯೇ ಇಲ್ಲ. ವಿಜಯ ರಾಜೇಂದ್ರ ಬಹದ್ದೂರ್ ಯಾರು ಎಂಬುದು ಗೊತ್ತಿಲ್ಲದೆ ಅದನ್ನು ನೋಡಿದರೆ ಅರ್ಧ ಆನಂದ ಹೋಗುತ್ತದೆ. ಅಂಥವರು ಮಲಯಾಳಂ ಕಿವಿ ಇದ್ದರೆ ಮೂಲ, ‘ಆಪ್ತಮಿತ್ರ’, ‘ಆಪ್ತರಕ್ಷಕ’ ಎಂಬ ಕ್ರಮದಲ್ಲಿ ನೋಡಲಿ. ಇಲ್ಲದಿದ್ದರೆ ಎರಡು ಕನ್ನಡ ಚಿತ್ರಗಳನ್ನು ಮುಗಿಸಿ, ಕೆಲವು ವಾರ ಬಿಟ್ಟು, ಕಥೆಯ ಬಿಸಿ ಆರಿದ ಮೇಲೆ ‘ಮಣಿಚಿತ್ರತ್ತಾಳ್’ಗೆ ಬರಲಿ.